ಮುತ್ಯಾನ ಬಿಪಿ ಗುಳಿಗೆ, ಮನೆಯ ‘ಲೋ ಸೋಡಿಯಂ’ ಉಪ್ಪು

1/8

ಈ ಸಲ ಊರಿಗೆ ಹೋದಾಗ ಅಡುಗೆಮನೆಯ ಉಪ್ಪಿನ ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ ನೋಡ್ರಿ. ಬರೀ ‘ಅಯೋಡಿನ್ ಉಪ್ಪು’ ಅಂತಿದ್ದರೆ ಅದು ನಾವು ಚಿಕ್ಕಂದಿನಿಂದ ತಿಂದ ಅದೇ ಉಪ್ಪು, ಅಂದ್ರ ಸೋಡಿಯಂ ಕ್ಲೋರೈಡ್. ಮುಂದೆ ದೊಡ್ಡದಾಗಿ ‘ಲೋ ಸೋಡಿಯಂ’, ‘ಲೈಟ್’ ಅಥವಾ ‘ಬಿಪಿಗೆ ಒಳ್ಳೇದು’ ಅಂತ ಇದ್ದರೆ ಹಿಂದೆ ಇನ್ನೊಂದು ಹೆಸರು ಸಿಗಬಹುದು: ಪೊಟ್ಯಾಸಿಯಂ ಕ್ಲೋರೈಡ್. ರಸಾಯನಶಾಸ್ತ್ರದಲ್ಲಿ ಓದಿದ KCl ಅದೇ.

ಸೋಡಿಯಂ ಕಡಿಮೆ ಮಾಡಿದರೆ ಉಪ್ಪು ಸಪ್ಪಗಾಗುತ್ತದೆ. ಸಪ್ಪಗಾದರೆ ಯಾರೂ ಕೊಳ್ಳಲ್ಲ. ಅದಕ್ಕೆ ತೆಗೆದ ಸೋಡಿಯಂ ಜಾಗದಲ್ಲಿ, ರುಚಿಯಲ್ಲಿ ಹತ್ತಿರ ಇರುವ ಪೊಟ್ಯಾಸಿಯಂ ಉಪ್ಪು ಸೇರಿಸುತ್ತಾರೆ. ಕೆಲವು ಪ್ಯಾಕೆಟ್‌ನಲ್ಲಿ ನೂರಕ್ಕೆ 15 ಭಾಗ, ಕೆಲವದರಲ್ಲಿ 30 ಭಾಗ. ಜಾಸ್ತಿ ಇದ್ದರೆ ನಾಲಿಗೆಗೆ ಸ್ವಲ್ಪ ಕಹಿ ಹತ್ತುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಸೈಂಧವ ಲವಣ, ಕಲ್ಲುಪ್ಪು, ಗುಲಾಬಿ ಬಣ್ಣದ ಉಪ್ಪು, ಇವು ಯಾವುವೂ ಲೋ ಸೋಡಿಯಂ ಅಲ್ಲ. ಬಣ್ಣ ಬೇರೆ, ರೇಟು ಬೇರೆ, ಒಳಗೆ ಇರೋದು ಹೆಚ್ಚುಕಮ್ಮಿ ಅದೇ ಸೋಡಿಯಂ ಕ್ಲೋರೈಡ್. ಅವುಗಳ ಮಾತು ಇಲ್ಲಿ ಇಲ್ಲ. ನಾನು ಬರೀತಿರೋದು ಪೊಟ್ಯಾಸಿಯಂ ಸೇರಿದ ಉಪ್ಪಿನ ಬಗ್ಗೆ, ಮತ್ತು ಅದು ಬಿಪಿ ಗುಳಿಗೆ ತಗೊಳ್ಳುವವರ ತಾಟಿಗೆ ಬಂದಾಗ ಏನಾಗಬಹುದು ಅನ್ನೋದರ ಬಗ್ಗೆ. ನಾನು ಬಿಕಾಂ ಹುಡುಗ, ಡಾಕ್ಟರ್ ಅಲ್ಲ. ಆದ್ರ ನಮ್ಮ ಮುತ್ಯಾನ ರಕ್ತದ ರಿಪೋರ್ಟ್ ನಮ್ಮನೆಯಲ್ಲಿ ಈ ಲೆಕ್ಕ ಹಾಕಿಸಿತು. ನಿಮ್ಮ ಮನೆಯಲ್ಲೂ ಒಬ್ಬ ಮುತ್ಯಾ, ಒಬ್ಬ ಅಮ್ಮ ಇರ್ತಾರ.

2/8

ಮೊದಲು ನ್ಯಾಯವಾಗಿ ಮಾತಾಡೋಣ. ಈ ಉಪ್ಪು ವಿಷ ಅಲ್ಲ. ಬಹಳ ಜನಕ್ಕೆ ಇದು ಖರೇನೇ ಒಳ್ಳೇದು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ದೊಡ್ಡ ಪ್ರಯೋಗ ಮಾಡಿದರು. ಅವರೆಲ್ಲ ಹಿಂದೆ ಲಕ್ವಾ ಹೊಡೆದವರು, ಇಲ್ಲಾ 60 ದಾಟಿ ಬಿಪಿ ಇರುವವರು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು, ಇನ್ನರ್ಧಕ್ಕೆ 75 ಭಾಗ ಸೋಡಿಯಂ ಮತ್ತು 25 ಭಾಗ ಪೊಟ್ಯಾಸಿಯಂ ಇರುವ ಉಪ್ಪು. ಸುಮಾರು ಐದು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಹೊಸ ಉಪ್ಪು ತಿಂದವರಲ್ಲಿ ಲಕ್ವಾ ನೂರಕ್ಕೆ 14ರಷ್ಟು ಕಡಿಮೆ, ಸಾವು ನೂರಕ್ಕೆ 12ರಷ್ಟು ಕಡಿಮೆ. ನಮ್ಮ ಪಕ್ಕದ ತೆಲಂಗಾಣದಲ್ಲೇ, ಸಿದ್ದಿಪೇಟೆಯ ಹಳ್ಳಿಗಳಲ್ಲಿ, ಬಿಪಿ ಇರುವ 502 ಜನರಿಗೆ ಮೂರು ತಿಂಗಳು ಇಂಥದೇ ಉಪ್ಪು ಕೊಟ್ಟು ನೋಡಿದ್ದಾರೆ. ಅಲ್ಲಿ 30 ಭಾಗ ಪೊಟ್ಯಾಸಿಯಂ ಇತ್ತು. ಮೇಲಿನ ಬಿಪಿ ನಾಲ್ಕೈದು ಅಂಕಿ ಇಳಿಯಿತು.

ಇಷ್ಟು ಓದಿದವರು ಸೀದಾ ಕಿರಾಣಿ ಅಂಗಡಿಗೆ ಓಡ್ತಾರ. ರೀಲ್ಸ್ ಮಾಡುವವರೂ ಇಲ್ಲಿಗೇ ನಿಲ್ಲಿಸಿಬಿಡ್ತಾರ. ಆದ್ರ ಚೀನಾದ ಆ ಪ್ರಯೋಗಕ್ಕೆ ಜನರನ್ನು ಸೇರಿಸಿಕೊಳ್ಳುವಾಗಲೇ ಕೆಲವರನ್ನು ಹೊರಗೆ ಇಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ ಕಿಡ್ನಿ ರೋಗ ಜೋರಾಗಿದ್ದರೆ, ಪೊಟ್ಯಾಸಿಯಂ ಉಳಿಸುವ ಗುಳಿಗೆ ತಗೊಳ್ಳುತ್ತಿದ್ದರೆ, ಪೊಟ್ಯಾಸಿಯಂ ಔಷಧಿ ಕುಡಿಯುತ್ತಿದ್ದರೆ ಆ ಮನೆ ಬೇಡ ಅಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಈ ಉಪ್ಪಿನ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಬಳಸಬಹುದು ಅಂದಿತು. ಜೊತೆಗೆ ಮಕ್ಕಳು, ಬಸುರಿಯರು, ಕಿಡ್ನಿ ತೊಂದರೆ ಇರುವವರು ಮತ್ತು ಪೊಟ್ಯಾಸಿಯಂ ಹೊರಹಾಕಲು ಅಡ್ಡಿ ಇರುವವರಿಗೆ ಈ ಸಲಹೆ ಅನ್ವಯಿಸಲ್ಲ ಅಂತಲೂ ಹೇಳಿತು.

ಅಂದ್ರ ‘ಒಳ್ಳೇದು’ ಅನ್ನುವ ಮಾತು ಒಂದು ಗೆರೆಯ ಒಳಗಿನವರಿಗೆ ಹೇಳಿದ್ದು. ಪ್ಯಾಕೆಟ್ ಮಾತ್ರ ಗೆರೆಯ ಹೊರಗಿನವರ ಮನೆಗೂ ಬರುತ್ತದೆ. ಯಾರ ಕಿಡ್ನಿ ಹೆಂಗದ ಅಂತ ಅಂಗಡಿಯವ ಕೇಳಲ್ಲ.

3/8

ಪೊಟ್ಯಾಸಿಯಂ ನಮಗೆ ಬೇಕೇ ಬೇಕು. ಸ್ನಾಯು ಕೆಲಸ ಮಾಡಲು, ನರ ಸುದ್ದಿ ಕಳಿಸಲು, ಹೃದಯ ತಾಳ ತಪ್ಪದೆ ಬಡಿಯಲು ಬೇಕು. ಸಮಸ್ಯೆ ಬರೋದು ಅದು ಎಲ್ಲಿದೆ ಅನ್ನೋದರಲ್ಲಿ.

ದೊಡ್ಡ ಮನುಷ್ಯನ ಮೈಯಲ್ಲಿ ಒಟ್ಟು ಸುಮಾರು 130ರಿಂದ 140 ಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 98 ಭಾಗ ಜೀವಕೋಶಗಳ ಒಳಗೆ ಬೀಗ ಹಾಕಿ ಇಟ್ಟ ಹಂಗೆ. ಹೊರಗೆ, ರಕ್ತ ಮತ್ತು ಅದರ ಸುತ್ತಲಿನ ನೀರಿನಲ್ಲಿ ಇರೋದು ಎರಡೂವರೆ ಗ್ರಾಂ ಆಸುಪಾಸು ಮಾತ್ರ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರ, ಆಸ್ತಿ ಎಲ್ಲಾ ಗೋದಾಮಿನಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆ ಮಾತ್ರ. ಹೃದಯಕ್ಕೆ ಲೆಕ್ಕಕ್ಕೆ ಬರೋದು ಆ ಚಿಲ್ಲರೆ.

ಈಗ ನೋಡ್ರಿ. ನಾವು ದಿನಾ ಬ್ಯಾಳಿ, ಪಲ್ಯ, ಹಣ್ಣು, ಹಾಲಿನಿಂದ ತಿನ್ನುವ ಪೊಟ್ಯಾಸಿಯಂ ಎರಡು ಮೂರು ಗ್ರಾಂ. ಅಂದ್ರ ಒಂದು ದಿನದ ಊಟದಲ್ಲಿ ಬರೋದೇ ಗಲ್ಲಾದಲ್ಲಿರುವಷ್ಟು! ಅಷ್ಟೂ ರಕ್ತದಲ್ಲೇ ನಿಂತರೆ ಅಂಕಿ ಡಬಲ್ ಆಗಬೇಕಿತ್ತು. ಹಂಗಾಗಲ್ಲ, ಯಾಕಂದ್ರ ಎರಡು ಕೆಲಸ ನಡೀತಿರ್ತಾವ. ಊಟ ಆದ ತಕ್ಷಣ ಇನ್ಸುಲಿನ್ ಅದನ್ನು ಜೀವಕೋಶದ ಒಳಗೆ ತಳ್ಳುತ್ತದೆ. ಆಮೇಲೆ ಕಿಡ್ನಿ ನಿಧಾನವಾಗಿ ಹೆಚ್ಚಿದ್ದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಹೊರಹೋಗುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 90ರಷ್ಟು ಕಿಡ್ನಿ ದಾರಿಯಲ್ಲೇ ಹೋಗುತ್ತದೆ.

ಕಿಡ್ನಿ ಗಟ್ಟಿ ಇದ್ದವರು ಎಳನೀರು ಕುಡಿದು, ಬಾಳೆಹಣ್ಣು ತಿಂದು, ಲೋ ಸೋಡಿಯಂ ಉಪ್ಪು ಹಾಕಿಕೊಂಡರೂ ರಕ್ತದ ಅಂಕಿ 3.5ರಿಂದ 5ರ ನಡುವೆ ನಿಂತಿರುತ್ತದೆ. ಬಂದಷ್ಟು ಹೊರಗೆ ಹೋಗುತ್ತದೆ. ತೊಂದರೆ ಆಗೋದು ಹೋಗುವ ಬಾಗಿಲು ಸಣ್ಣದಾದಾಗ.

4/8

ಆ ಬಾಗಿಲು ತೆಗೆಯಲು ಕಿಡ್ನಿಗೆ ಒಂದು ಹುಕುಂ ಬರಬೇಕು. ಆ ಹುಕುಂ ಕೊಡುವ ಹಾರ್ಮೋನಿನ ಹೆಸರು ಆಲ್ಡೋಸ್ಟೆರೋನ್. ಇದು ಕಿಡ್ನಿಗೆ ‘ಸೋಡಿಯಂ ಉಳಿಸು, ಪೊಟ್ಯಾಸಿಯಂ ಹೊರಹಾಕು’ ಅನ್ನುತ್ತದೆ. ಸೋಡಿಯಂ ಉಳಿದರೆ ನೀರು ಉಳಿಯುತ್ತದೆ, ಬಿಪಿ ಏರುತ್ತದೆ. ಅದಕ್ಕೇ ಬಿಪಿ ಇಳಿಸುವ ಕೆಲವು ಗುಳಿಗೆ ಈ ಹುಕುಂ ಅನ್ನೇ ತಗ್ಗಿಸುತ್ತವೆ. ಬಿಪಿ ಇಳಿಯುತ್ತದೆ, ಹೃದಯಕ್ಕೂ ಸಕ್ಕರೆ ರೋಗಿಗಳ ಕಿಡ್ನಿಗೂ ಕಾವಲು ಸಿಗುತ್ತದೆ. ಆದ್ರ ಹುಕುಂ ತಗ್ಗಿದಾಗ ಪೊಟ್ಯಾಸಿಯಂ ಹೊರಹೋಗೋದೂ ತಗ್ಗುತ್ತದೆ. ಗುಳಿಗೆ ಕೆಟ್ಟದ್ದು ಅಂತಲ್ಲ, ಅದು ಕೆಲಸ ಮಾಡುವ ರೀತಿಯೇ ಅದು.

ಎಲ್ಲಾ ಬಿಪಿ ಗುಳಿಗೆ ಹಿಂಗಲ್ಲ. ಸ್ಟ್ರಿಪ್ ಹಿಂದೆ ಕಂಪನಿ ಹೆಸರಿನ ಕೆಳಗೆ ಔಷಧಿಯ ಮೂಲ ಹೆಸರು ಇರುತ್ತದೆ. ಅದನ್ನ ಓದ್ರಿ.

ಹೆಸರು ‘ಸಾರ್ಟನ್’ ಅಂತ ಮುಗಿದರೆ, ಅಂದ್ರ ಟೆಲ್ಮಿಸಾರ್ಟನ್, ಲೋಸಾರ್ಟನ್, ಓಲ್ಮೆಸಾರ್ಟನ್, ಇವು ಪೊಟ್ಯಾಸಿಯಂ ಏರಿಸಬಲ್ಲವು. ‘ಪ್ರಿಲ್’ ಅಂತ ಮುಗಿಯುವ ರಾಮಿಪ್ರಿಲ್, ಎನಾಲಪ್ರಿಲ್ ಕೂಡ ಹಂಗೇ. ಸ್ಪೈರೊನೊಲ್ಯಾಕ್ಟೋನ್ ಇನ್ನೂ ನೇರ: ಆಲ್ಡೋಸ್ಟೆರೋನ್ ಬಂದು ಕೂಡುವ ಜಾಗವನ್ನೇ ಅದು ಹಿಡಿದುಬಿಡುತ್ತದೆ. ಹೃದಯ ದುರ್ಬಲ ಆದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿದವರಿಗೆ, ಬಿಪಿ ಜಗ್ಗದವರಿಗೆ ಅದನ್ನ ಕೊಡ್ತಾರ.

ಅಮ್ಲೋಡಿಪಿನ್ ಈ ಸಾಲಿನಲ್ಲಿ ಇಲ್ಲ. ಅದು ರಕ್ತನಾಳ ಸಡಿಲ ಮಾಡುತ್ತದೆ, ಪೊಟ್ಯಾಸಿಯಂ ಗೊಡವೆಗೆ ಹೋಗಲ್ಲ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್‌ಥಾಲಿಡೋನ್‌ನಂಥ ನೀರಿನ ಗುಳಿಗೆಗಳು ಉಲ್ಟಾ, ಪೊಟ್ಯಾಸಿಯಂ ಇಳಿಸುತ್ತವೆ. ಅದಕ್ಕೇ ‘ಬಿಪಿ ಗುಳಿಗೆ ತಗೊಳ್ತಾರ’ ಅನ್ನೋ ಮಾತು ಸಾಲಲ್ಲ. ಯಾವ ಗುಳಿಗೆ ಅಂತ ಕೇಳಬೇಕು. ಒಂದೇ ಸ್ಟ್ರಿಪ್‌ನಲ್ಲಿ ಎರಡು ಮೂರು ಔಷಧಿ ಸೇರಿರೋದೂ ಉಂಟು, ಆದ್ದರಿಂದ ಸಾಲು ಪೂರ್ತಿ ಓದಬೇಕು.

ಕಿಡ್ನಿ ಚೆನ್ನಾಗಿರುವ ಮನುಷ್ಯ ಟೆಲ್ಮಿಸಾರ್ಟನ್ ಒಂದನ್ನೇ ತಗೊಂಡರೆ ಸಾಮಾನ್ಯವಾಗಿ ಅಂಕಿ ಸ್ವಲ್ಪ ಮಾತ್ರ ಏರುತ್ತದೆ. ಗಂಡಾಂತರ ಬರೋದು ಒಂದರ ಮೇಲೊಂದು ಪೇರಿಸಿದಾಗ. ಪೇರಿಸೋದು ಹೆಂಗ ಅಂತ ಮುಂದಿನ ಭಾಗದಲ್ಲಿ ನಮ್ಮ ಮನೆಯದೇ ಲೆಕ್ಕ.

5/8

ನಮ್ಮ ಮುತ್ಯಾಗೆ 68. ಸುರಪುರ ತಾಲೂಕಿನಲ್ಲಿ ಹೊಲ, ಕಾಲುವೆ ನೀರಿನ ಭತ್ತ. ಹನ್ನೆರಡು ವರ್ಷದಿಂದ ಶುಗರ್, ಅದಕ್ಕೂ ಮೊದಲಿಂದ ಬಿಪಿ. ಗುಳಿಗೆ: ಟೆಲ್ಮಿಸಾರ್ಟನ್ 80 ಮಿಲಿಗ್ರಾಂ, ಜೊತೆಗೆ ಶುಗರ್ ಗುಳಿಗೆ. ಹಿಂದಿನ ವರ್ಷದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.4. ಅಂದ್ರ ಕಿಡ್ನಿ ಆಗಲೇ ಸ್ವಲ್ಪ ದಣಿದಿತ್ತು. ಮನೆಯಲ್ಲಿ ಯಾರೂ ಅದನ್ನ ‘ಕಿಡ್ನಿ ತೊಂದರೆ’ ಅಂತ ಕರೆದಿರಲಿಲ್ಲ, ಯಾಕಂದ್ರ ಮುತ್ಯಾ ಸೈಕಲ್ ಮೇಲೆ ಹೊಲಕ್ಕೆ ಹೋಗಿ ಬರ್ತಿದ್ದ.

ಬಿಪಿ 150ರ ಕೆಳಗೆ ಬರುತ್ತಿಲ್ಲ ಅಂತ ಕಾಕಾ ಶಹಾಪುರದಿಂದ ಲೋ ಸೋಡಿಯಂ ಉಪ್ಪು ತಂದ. ಕಾಳಜಿಯಿಂದಲೇ ತಂದದ್ದು. ಹಿಂದೆ ‘ಪೊಟ್ಯಾಸಿಯಂ ಕ್ಲೋರೈಡ್ 30%’ ಅಂತ ಇತ್ತು. ಮನೆಯಲ್ಲಿ ಐದು ಜನ, ಒಂದು ಕಿಲೋ ಪ್ಯಾಕೆಟ್ 25 ದಿನಕ್ಕೆ ಖಾಲಿ. ಭಾಗಿಸಿ ನೋಡ್ರಿ: ಒಬ್ಬರಿಗೆ ದಿನಕ್ಕೆ 8 ಗ್ರಾಂ ಉಪ್ಪು.

8 ಗ್ರಾಂನಲ್ಲಿ 30 ಭಾಗ ಅಂದ್ರ 2.4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಪೊಟ್ಯಾಸಿಯಂ ನೂರಕ್ಕೆ 52, ಉಳಿದದ್ದು ಕ್ಲೋರಿನ್. ಹಂಗಾಗಿ ದಿನಕ್ಕೆ 1.25 ಗ್ರಾಂ ಪೊಟ್ಯಾಸಿಯಂ ಹೆಚ್ಚಾಯಿತು. ಗಲ್ಲಾಪೆಟ್ಟಿಗೆ ನೆನಪದಲ್ಲ? ಅದರ ಅರ್ಧದಷ್ಟು, ಊಟದ ಪೊಟ್ಯಾಸಿಯಂ ಮೇಲೆ, ದಿನಾ. ಮೂರು ಬಾಳೆಹಣ್ಣಿಗೆ ಸಮ ಅಂದ್ಕೊಳ್ರಿ. ಮುತ್ಯಾಗೆ ಮಜ್ಜಿಗೆಗೂ ಉಪ್ಪು ಬೇಕು, ಶೇಂಗಾ ಹಿಂಡಿಯಲ್ಲೂ ಉಪ್ಪು ಮುಂದೆ ಇರಬೇಕು, ಹಂಗಾಗಿ ಅವನ ಪಾಲು ಸರಾಸರಿಗಿಂತ ಜಾಸ್ತಿಯೇ ಇದ್ದೀತು. ‘ಇದು ಬಿಪಿ ಉಪ್ಪು, ಎಷ್ಟು ಹಾಕೊಂಡ್ರೂ ನಡೀತದ’ ಅಂತ ಕೈ ಧಾರಾಳ ಆಗೋದು ಬೇರೆ.

ಇಷ್ಟಕ್ಕೇ ನಿಂತಿದ್ದರೆ ಬಹುಶಃ ಅಂಕಿ ಸ್ವಲ್ಪ ಏರಿ ಅಲ್ಲೇ ಉಳಿಯುತ್ತಿತ್ತು. ರಾಶಿ ಕಾಲಕ್ಕೆ ಮುತ್ಯಾಗೆ ಮೊಣಕಾಲು ಹಿಡಿಯಿತು. ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ಗುಳಿಗೆ ತರಿಸಿ ಹತ್ತು ದಿನ ನುಂಗಿದ, ದಿನಕ್ಕೆ ಎರಡು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಕಿಡ್ನಿಗೆ ಹೋಗುವ ರಕ್ತ ಕಡಿಮೆ ಮಾಡುತ್ತವೆ. ಟೆಲ್ಮಿಸಾರ್ಟನ್ ಜೊತೆ ಸೇರಿದರೆ ಕಿಡ್ನಿಗೆ ಎರಡೂ ಕಡೆಯಿಂದ ಹಿಡಿತ. ಮೇಲೆ ನಮ್ಮ ಬಿಸಿಲು ಗೊತ್ತಲ್ಲ. ಬೆವರು ಸುರಿದು ಮೈಯಲ್ಲಿ ನೀರು ಕಡಿಮೆ ಆದರೆ ಮೂತ್ರವೂ ಕಡಿಮೆ.

ಈಗ ಪೇರಿಸ್ರಿ: ದಣಿದ ಕಿಡ್ನಿ, ಶುಗರ್, ಹುಕುಂ ತಗ್ಗಿಸುವ ಗುಳಿಗೆ, ಪೊಟ್ಯಾಸಿಯಂ ಉಪ್ಪು, ನೋವಿನ ಗುಳಿಗೆ, ಬಿಸಿಲು. ಒಳಗೆ ಬರೋದು ಏರಿತು, ಹೊರಗೆ ಹೋಗೋದು ಇಳಿಯಿತು. ಯಾವುದೋ ಒಂದೇ ಅಪರಾಧಿ ಅಂತ ಬೆರಳು ಮಾಡಕ್ಕಾಗಲ್ಲ.

6/8

ಮುತ್ಯಾಗೆ ಅನಿಸಿದ್ದು ಇಷ್ಟೇ: ‘ಕಾಲಾಗ ತ್ರಾಣ ಇಲ್ಲ, ಮೆಟ್ಟಲ ಹತ್ತಾಕ ಬರವಲ್ದು.’ ಎಲ್ಲರೂ ಅದನ್ನ ವಯಸ್ಸಿನ ಮೇಲೆ, ಬಿಸಿಲಿನ ಮೇಲೆ ಹಾಕಿದರು. ಬಿಪಿ ತೋರಿಸಲು ಹೋದಾಗ ಡಾಕ್ಟ್ರು ಕಾಲಿನ ಮಾತು ಕೇಳಿ, ಹಳೇ ಕ್ರಿಯಾಟಿನಿನ್ ನೋಡಿ, ರಕ್ತ ಪರೀಕ್ಷೆ ಬರೆದರು. ಪರೀಕ್ಷೆಯ ಹೆಸರು ಸೀರಮ್ ಎಲೆಕ್ಟ್ರೋಲೈಟ್ಸ್, ಜೊತೆಗೆ ಕ್ರಿಯಾಟಿನಿನ್. ಪೊಟ್ಯಾಸಿಯಂ 6.2 ಬಂತು. ಕ್ರಿಯಾಟಿನಿನ್ 1.7.

ಇಲ್ಲಿ ಒಂದು ಸೂಕ್ಷ್ಮ ಇದೆ, ತಿಳ್ಕೊಂಡಿರಿ. ಪೊಟ್ಯಾಸಿಯಂ ಬಹುಪಾಲು ಜೀವಕೋಶದ ಒಳಗೇ ಇರುತ್ತದೆ ಅಂದೆನಲ್ಲ. ಸೂಜಿ ಚುಚ್ಚುವಾಗ ಪಟ್ಟಿ ಬಹಳ ಹೊತ್ತು ಬಿಗಿದರೆ, ಮುಷ್ಟಿ ಮತ್ತೆ ಮತ್ತೆ ಬಿಗಿ ಮಾಡಿಸಿದರೆ, ಸೀಸೆಯನ್ನ ಜೋರಾಗಿ ಅಲುಗಾಡಿಸಿದರೆ, ಅಥವಾ ಸ್ಯಾಂಪಲ್ ತಾಸುಗಟ್ಟಲೆ ಹಂಗೇ ಇದ್ದು ಆಮೇಲೆ ದೊಡ್ಡ ಲ್ಯಾಬ್ ಸೇರಿದರೆ, ಜೀವಕೋಶಗಳಿಂದ ಪೊಟ್ಯಾಸಿಯಂ ಸ್ಯಾಂಪಲ್‌ಗೆ ಸೋರಬಹುದು. ಆಗ ಮೈಯಲ್ಲಿ ಇಲ್ಲದ ಏರಿಕೆ ಕಾಗದದಲ್ಲಿ ಕಾಣುತ್ತದೆ. ರಿಪೋರ್ಟ್ ಕೆಳಗೆ ‘ಹೀಮೊಲೈಸ್ಡ್’ ಅಂತ ಬರೆದಿದ್ದರೆ ಸಂಶಯ ಪಡಬೇಕು. ಹಂಗಂತ ‘ಸುಳ್ಳು ಇರಬಹುದು ಬಿಡು’ ಅಂತ ಮನೆಗೆ ಹೋಗೋದೂ ತಪ್ಪು. ಸುಳ್ಳೋ ಖರೇನೋ ಅಂತ ಅವತ್ತೇ ತಿಳ್ಕೋಬೇಕು.

ಡಾಕ್ಟ್ರು ಎರಡು ಕೆಲಸ ಮಾಡಿದರು. ತಕ್ಷಣ ಇಸಿಜಿ ತೆಗೆಸಿದರು, ಹೊಸದಾಗಿ ರಕ್ತ ತಗೊಂಡು ಲಗೂನೆ ಲ್ಯಾಬಿಗೆ ಕಳಿಸಿದರು. ಇಸಿಜಿ ಯಾಕಂದ್ರ, ಪೊಟ್ಯಾಸಿಯಂ ಏರಿದಾಗ ಹೃದಯದ ಕರೆಂಟ್ ಹರಿಯೋದೇ ಬದಲಾಗುತ್ತದೆ. ಮೊದಲು ‘ಟಿ’ ಅನ್ನುವ ಅಲೆ ಡೇರೆ ಹಂಗೆ ಚೂಪಾಗಿ ಏಳುತ್ತದೆ. ಆಮೇಲೆ ಬಡಿತದ ಗೆರೆ ಅಗಲ ಆಗುತ್ತಾ ಹೋಗುತ್ತದೆ, ಬಡಿತ ನಿಧಾನ ಆಗಬಹುದು, ಕೊನೆಗೆ ಹೃದಯ ನಿಂತೇ ಹೋಗಬಹುದು. ಈ ಮೆಟ್ಟಿಲುಗಳು ಯಾವಾಗಲೂ ಕ್ರಮವಾಗಿ ಬರಲ್ಲ. ಕೆಲವರಲ್ಲಿ ಇಸಿಜಿ ಸರಿ ಇದ್ದು ಅಂಕಿ ಅಪಾಯದಲ್ಲಿ ಇರುತ್ತದೆ. ಅದಕ್ಕೇ ಎರಡೂ ನೋಡ್ತಾರ.

ಮುತ್ಯಾನ ಇಸಿಜಿ ಸರಿ ಇತ್ತು. ಎರಡನೇ ರಕ್ತದಲ್ಲಿ 5.8 ಬಂತು. ಅಂದ್ರ ಮೊದಲಿನ ಅಂಕಿಯಲ್ಲಿ ಸ್ವಲ್ಪ ಸೋರಿಕೆ ಇದ್ದಿರಬಹುದು, ಏರಿಕೆ ಮಾತ್ರ ಖರೇ. ನೋವಿನ ಗುಳಿಗೆ ಬಂದ್. ಲೋ ಸೋಡಿಯಂ ಉಪ್ಪು ಬಂದ್. ಟೆಲ್ಮಿಸಾರ್ಟನ್ 80ರಿಂದ 40ಕ್ಕೆ ಇಳಿಸಿದರು, ಬಿಪಿಗೆ ಅಮ್ಲೋಡಿಪಿನ್ ಸೇರಿಸಿದರು. ನೀರು ಕುಡೀಬೇಕು ಅಂದರು. ಐದು ದಿನಕ್ಕೆ ಮತ್ತೆ ರಕ್ತ: 5.0. ಎರಡು ವಾರಕ್ಕೆ 4.7, ಕ್ರಿಯಾಟಿನಿನ್ ತಿರುಗಿ 1.4.

ಇದೇ ಅಂಕಿ 6.5 ದಾಟಿದ್ದರೆ, ಅಥವಾ ಇಸಿಜಿ ಕೆಟ್ಟಿದ್ದರೆ, ಮನೆಗೆ ಕಳಿಸ್ತಿರಲಿಲ್ಲ. ಆಸ್ಪತ್ರೆಯಲ್ಲಿ ಹೃದಯ ಕಾಯಲು ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಡ್ತಾರ. ಪೊಟ್ಯಾಸಿಯಂ ಅನ್ನು ಜೀವಕೋಶದ ಒಳಗೆ ತಳ್ಳಲು ಗ್ಲೂಕೋಸ್ ಜೊತೆ ಇನ್ಸುಲಿನ್ ಕೊಡ್ತಾರ. ಕಿಡ್ನಿ ಪೂರ್ತಿ ಕೈಕೊಟ್ಟಿದ್ದರೆ ಡಯಾಲಿಸಿಸ್. ಇವೆಲ್ಲ ಮನೆಯಲ್ಲಿ, ನಿಂಬೆಹಣ್ಣಿನ ನೀರಿನಲ್ಲಿ ಆಗುವ ಕೆಲಸ ಅಲ್ಲ.

7/8

ಉಪ್ಪು ಒಂದೇ ಅಲ್ಲ, ಪೊಟ್ಯಾಸಿಯಂ ಬಾಟಲಿಯಲ್ಲೂ ಬರುತ್ತದೆ. ನಮ್ಮ ಕಡೆ ಎರಡು ಥರ ನೋಡ್ತೀವಿ.

ಒಂದು, ಪೊಟ್ಯಾಸಿಯಂ ಕ್ಲೋರೈಡ್ ಸಿರಪ್. ಕಾಲು ಬಾವು ಬಂದವರಿಗೆ, ಹೃದಯ ದುರ್ಬಲ ಇದ್ದವರಿಗೆ ಫ್ರುಸೆಮೈಡ್ ಅನ್ನುವ ನೀರಿನ ಗುಳಿಗೆ ಕೊಟ್ಟಾಗ ಮೂತ್ರದಲ್ಲಿ ಪೊಟ್ಯಾಸಿಯಂ ಹೋಗಿ ಅಂಕಿ ಬೀಳಬಹುದು. ಆಗ ಇದನ್ನ ಬರೀತಾರ, ಬೇಕಾದ್ದೇ. ಎಡವಟ್ಟು ಆಗೋದು ಚೀಟಿ ಹಳೇದಾದಾಗ. ಒಬ್ಬ ಡಾಕ್ಟ್ರು ಸಿರಪ್ ಬರೆದಿರ್ತಾರ. ಮೂರು ತಿಂಗಳ ಮೇಲೆ ಬೇರೆ ಊರಿನ ಇನ್ನೊಬ್ಬರು ಸ್ಪೈರೊನೊಲ್ಯಾಕ್ಟೋನ್ ಸೇರಿಸ್ತಾರ. ಸಿರಪ್ ವಿಷಯ ಅವರಿಗೆ ಯಾರೂ ಹೇಳಿರಲ್ಲ, ಮನೆಯವರು ಹಳೇ ಚೀಟಿ ತೋರಿಸಿ ಸಿರಪ್ ತರ್ತಾನೇ ಇರ್ತಾರ. ಇಲ್ಲಿ ಒಂದೊಂದು ಔಷಧಿಯೂ ಸರಿ, ಎರಡೂ ಸೇರಿದ ಚೀಲ ತಪ್ಪು. ಅದಕ್ಕೇ ಯಾದಗಿರಿಗೋ ಕಲಬುರಗಿಗೋ ತೋರಿಸಲು ಹೋಗುವಾಗ ಚೀಟಿ ಅಷ್ಟೇ ಅಲ್ಲ, ಕುಡಿಯುವ ಬಾಟಲಿ, ನುಂಗುವ ಸ್ಟ್ರಿಪ್ ಎಲ್ಲಾ ಒಂದು ಕೈಚೀಲದಲ್ಲಿ ಒಯ್ರಿ.

ಎರಡು, ಪೊಟ್ಯಾಸಿಯಂ ಸಿಟ್ರೇಟ್ ಸಿರಪ್. ಕಿಡ್ನಿಯಲ್ಲಿ ಹರಳು ಆದವರಿಗೆ ಕೊಡ್ತಾರ. ‘ಅದೇ ಹರಳಿನ ಔಷಧಿ ಅಲ್ಲ, ನನಗೂ ಉರಿ ಮೂತ್ರ’ ಅಂತ ಪಕ್ಕದ ಮನೆಯವರ ಬಾಟಲಿ ಕುಡಿಯುವ ರೂಢಿ ಇದೆ. ಕುಡಿಯುವವರು ಸಾರ್ಟನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮೇಲೆ ಇದ್ದರೆ, ಅದು ಉಪ್ಪಿನಷ್ಟೇ ಲೆಕ್ಕಕ್ಕೆ ಬರುತ್ತದೆ.

ವಾಂತಿ ಭೇದಿ ಆದಾಗ ಏನು? ಓಆರ್‌ಎಸ್‌ನಲ್ಲೂ ಪೊಟ್ಯಾಸಿಯಂ ಇದೆ, ಒಂದು ಲೀಟರಿಗೆ ಒಂದೂವರೆ ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್. ಅದಕ್ಕೆ ಹೆದರಿ ಓಆರ್‌ಎಸ್ ಬಿಡಬ್ಯಾಡ್ರಿ, ಭೇದಿಯಲ್ಲಿ ಹೋದ ನೀರೂ ಉಪ್ಪೂ ತುಂಬಲೇಬೇಕು. ಆದ್ರ ಈ ಗುಳಿಗೆ ತಗೊಳ್ಳುವ ಹಿರಿಯರಿಗೆ ವಾಂತಿ ಭೇದಿ ಹಿಡಿದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ‘ಈ ಗುಳಿಗೆ ಇವತ್ತು ಕೊಡಬೇಕಾ, ಎರಡು ದಿನ ನಿಲ್ಲಿಸಬೇಕಾ’ ಅಂತ ಕೇಳ್ರಿ. ಮೈ ಒಣಗಿದಾಗ ಸಾರ್ಟನ್, ಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಅನ್ನು ತಾತ್ಕಾಲಿಕ ನಿಲ್ಲಿಸಿ ಅಂತ ಅವರು ಹೇಳೋದುಂಟು. ಆ ಮಾತು ಅವರ ಬಾಯಿಂದ ಬರಬೇಕು.

ಬ್ಯಾಳಿ, ಸೊಪ್ಪು, ಹಣ್ಣಿಗೆ ಹೆದರಬೇಕಾ? ಕಿಡ್ನಿ ಸರಿ ಇದ್ದವರು ಬೇಡ. ಊಟದ ಪೊಟ್ಯಾಸಿಯಂ ನಾರಿನ ಜೊತೆ ಬರುತ್ತದೆ, ಅಷ್ಟೂ ಒಳಗೆ ಇಳಿಯಲ್ಲ. ಉಪ್ಪಿನದು, ಸಿರಪ್ಪಿನದು ನೀರಿನಲ್ಲಿ ಕರಗಿದ್ದು, ಲಗೂ ರಕ್ತಕ್ಕೆ ಸೇರುತ್ತದೆ. ಡಾಕ್ಟ್ರು ಪಥ್ಯ ಹೇಳಿದ್ದರೆ ಮಾತ್ರ ಪಲ್ಯ ಹಣ್ಣಿನ ಲೆಕ್ಕ.

8/8

ಹಂಗಾದ್ರ ಗೊತ್ತಾಗೋದು ಹೆಂಗ? ಕಷ್ಟ ಇರೋದು ಅಲ್ಲೇ. ಪೊಟ್ಯಾಸಿಯಂ ಏರಿದ್ದು ಬಹಳ ಸಲ ಮೈಗೆ ಗೊತ್ತೇ ಆಗಲ್ಲ. ಗೊತ್ತಾದರೂ ಗುರುತು ಹತ್ತಲ್ಲ: ಕಾಲಲ್ಲಿ ಶಕ್ತಿ ಇಲ್ಲ, ಜುಮ್ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ. ಬಡಿತ ತಪ್ಪಿದ ಹಂಗೆ ಅನಿಸೋದು, ನಾಡಿ ಬಹಳ ನಿಧಾನ ಆಗೋದು, ಕಣ್ಣು ಕತ್ತಲೆ ಬಂದು ಬೀಳೋದು, ಇವು ಬಂದರೆ ‘ನಾಳೆ ನೋಡೋಣ’ ಬೇಡ. ಆ ಹೊತ್ತಿಗೇ ಇಸಿಜಿ ಇರುವ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡ್ರಿ, ಬೈಕ್ ಹಿಂದೆ ಕೂಡಿಸಿಕೊಂಡು ಹೋಗಬ್ಯಾಡ್ರಿ.

ಲಕ್ಷಣ ನಂಬಕ್ಕಾಗಲ್ಲ ಅಂದಮೇಲೆ ನಂಬಬೇಕಾದ್ದು ರಕ್ತ ಪರೀಕ್ಷೆಯನ್ನೇ. ಸಾರ್ಟನ್, ಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಶುರು ಮಾಡುವ ಮೊದಲು ಒಮ್ಮೆ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್. ಶುರು ಮಾಡಿದ ಅಥವಾ ಡೋಸ್ ಏರಿಸಿದ ಒಂದೆರಡು ವಾರಕ್ಕೆ ಇನ್ನೊಮ್ಮೆ. ಆಮೇಲೆ ಎಲ್ಲಾ ಸರಿ ಇದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಶುಗರ್ ಇದ್ದರೆ, ಕಿಡ್ನಿ ದಣಿದಿದ್ದರೆ ಇನ್ನೂ ಬೇಗ, ಎಷ್ಟು ಬೇಗ ಅಂತ ಡಾಕ್ಟ್ರು ಹೇಳ್ತಾರ. ಬಿಪಿ ಮಷೀನ್ ಈ ವಿಷಯ ಹೇಳಲ್ಲ. ಮುತ್ಯಾನ ಬಿಪಿ ಆ ತಿಂಗಳು ಮೊದಲಿಗಿಂತ ಚೆನ್ನಾಗೇ ಇತ್ತು!

ಇದನ್ನೆಲ್ಲ ಓದಿ ಯಾರೂ ಮನೆಗೆ ಹೋಗಿ ಬಿಪಿ ಗುಳಿಗೆ ಬಿಡಿಸಬ್ಯಾಡ್ರಿ. ಪರೀಕ್ಷೆ ಮಾಡಿಸದೆ ಗುಳಿಗೆ ನಿಲ್ಲಿಸಿದರೆ ಬಿಪಿ ಏರಿ ಲಕ್ವಾ ಹೊಡೆಯುವ ಭಯ. ಡೌಟ್ ಬಂದರೆ ಮೊದಲು ನಿಲ್ಲಿಸಬೇಕಾದ್ದು ಉಪ್ಪಿನ ಪ್ಯಾಕೆಟ್. ಮಾಮೂಲಿ ಉಪ್ಪು ತರ್ರಿ, ಆದ್ರ ಕಡಿಮೆ ಹಾಕ್ರಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ ಒಬ್ಬರಿಗೆ 5 ಗ್ರಾಂ ಒಳಗೆ, ಅಂದ್ರ ಸಪಾಟ ಒಂದು ಟೀ ಚಮಚ. ನಮ್ಮನೆಯಲ್ಲಿ ಅವ್ವ ಈಗ ಉಪ್ಪಿನಕಾಯಿ ಭರಣಿಯನ್ನ ಊಟದ ಜಾಗದಿಂದ ಎತ್ತಿ ಮೇಲಿನ ಮಾಡದಲ್ಲಿ ಇಟ್ಟಿದ್ದಾಳ. ಹಿಂಡಿಗೆ ಉಪ್ಪು ಕಡಿಮೆ, ಬೆಳ್ಳುಳ್ಳಿ ಜಾಸ್ತಿ. ಒಂದು ಕಿಲೋ ಪ್ಯಾಕೆಟ್ ಈಗ 25 ದಿನದ ಬದಲು 36 ದಿನ ಬರ್ತಿದೆ. ಲೆಕ್ಕ ನೀವೇ ಹಾಕ್ಕೊಳ್ರಿ.

ಮುತ್ಯಾ ಮೊದಲ ವಾರ ‘ಇದೇನ್ ಸಪ್ಪಗ ಮಾಡೀರಿ’ ಅಂತ ಗೊಣಗಿದ. ಈಗ ರೂಢಿ ಆಗಿದೆ.

ಮನೆಯಲ್ಲಿ ಇಂಗ್ಲಿಷ್ ಸಣ್ಣಕ್ಷರ ಓದೋರು ಬಹಳಷ್ಟು ಸಲ ನಾವೇ. ಸ್ಟ್ರಿಪ್ ಹಿಂದಿನ ಹೆಸರು, ಉಪ್ಪಿನ ಪ್ಯಾಕೆಟ್ ಹಿಂದಿನ ಸಾಲು, ಎರಡನ್ನೂ ಫೋಟೋ ತೆಗೆದು ಫೋನಿನಲ್ಲಿ ಇಟ್ಕೊಳ್ರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಎರಡನ್ನೂ ತೋರಿಸಿ ಒಂದೇ ಪ್ರಶ್ನೆ ಕೇಳ್ರಿ: ‘ಸರ್, ಈ ಗುಳಿಗೆ ಮ್ಯಾಲೆ ಈ ಉಪ್ಪು ನಡೀತದೇನ್ರಿ? ಪೊಟ್ಯಾಸಿಯಂ ಕಡೀಸಲ ಯಾವಾಗ ನೋಡಿದ್ದು?’

#ಬಿಪಿಗುಳಿಗೆ #ಪೊಟ್ಯಾಸಿಯಂ #ಸುರಪುರ #ಶಹಾಪುರ #ಯಾದಗಿರಿ